ಅಂಚುಗಲ್ಲು ಹಾಕಿದ ಗೆರೆ

ಭಾರತದ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್, ಅಂದರೆ ಐದೂವರೆ ಅಡಿ. ಜಗತ್ತಿನಲ್ಲಿ ಇಂದು ಪ್ರಯಾಣಿಕ ರೈಲುಗಳು ಹೆಚ್ಚಾಗಿ ಓಡುತ್ತಿರುವ ಗೇಜುಗಳಲ್ಲಿ ಇದೇ ಅತ್ಯಂತ ಅಗಲದ್ದು. ಜಪಾನಿನ ಬುಲೆಟ್ ರೈಲು ಓಡುವ ಶಿಂಕನ್‌ಸೆನ್ ಹಳಿಗಳ ಅಂತರ 1435 ಮಿ.ಮೀ. ನಮ್ಮದಕ್ಕಿಂತ 24 ಸೆಂಟಿಮೀಟರ್ ಕಡಿಮೆ. ಹಾಗಾದರೆ ನಮ್ಮ ಬೋಗಿ ಅವರದಕ್ಕಿಂತ ಅಗಲವಾಗಿರಬೇಕಲ್ಲವೇ? ಲೆಕ್ಕ ಉಲ್ಟಾ ಇದೆ. ಶಿಂಕನ್‌ಸೆನ್ ಬೋಗಿಯ ಅಗಲ 3.38 ಮೀಟರ್. ನಮ್ಮ ಎಕ್ಸ್‌ಪ್ರೆಸ್ ರೈಲುಗಳ ಬೋಗಿ 3.24 ಮೀಟರ್. ಅವರು ಒಂದು ಸಾಲಿನಲ್ಲಿ ಐದು ಸೀಟು ಹಾಕಿ ಆರಾಮಾಗಿ ಕೂರಿಸುತ್ತಾರೆ. ನಾವು ಹೆಚ್ಚು ಅಗಲದ ಹಳಿಯ ಮೇಲೆ ಕಡಿಮೆ ಅಗಲದ ಬೋಗಿ ಓಡಿಸುತ್ತಿದ್ದೇವೆ.

ಇದಕ್ಕೆ ಕಾರಣ ಹಳಿಯಲ್ಲಿಲ್ಲ, ಹಳಿಯ ಪಕ್ಕದಲ್ಲಿದೆ. ಬೋಗಿ ಎಷ್ಟು ಅಗಲ ಇರಬಹುದು ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ದಾರಿಯುದ್ದಕ್ಕೂ ನಿಂತಿರುವ ಕಟ್ಟಡ, ಕಂಬ, ಸೇತುವೆ, ಸುರಂಗ, ಎಲ್ಲಕ್ಕಿಂತ ಹೆಚ್ಚಾಗಿ ನಿಲ್ದಾಣದ ಪ್ಲಾಟ್‌ಫಾರ್ಮಿನ ಅಂಚು. ಸೇತುವೆಗಳು ಅಲ್ಲೊಂದು ಇಲ್ಲೊಂದು. ಪ್ಲಾಟ್‌ಫಾರ್ಮು ಮಾತ್ರ ದೇಶದ ಸಾವಿರಾರು ನಿಲ್ದಾಣಗಳಲ್ಲಿದೆ, ಅದೂ ರೈಲಿಗೆ ಎಲ್ಲಕ್ಕಿಂತ ಹತ್ತಿರ. ಅಷ್ಟೂ ಕಡೆ ಅಂಚನ್ನು ಒಡೆದು ಹಿಂದಕ್ಕೆ ಸರಿಸದ ಹೊರತು ಅಗಲದ ಎಕ್ಸ್‌ಪ್ರೆಸ್ ಬೋಗಿ ತರಲಾಗದು.

ಗೇಜಿನ ಆಯ್ಕೆ ನಡೆದದ್ದು 1850ರ ಹೊತ್ತಿಗೆ. ಗವರ್ನರ್ ಜನರಲ್ ಡಾಲ್‌ಹೌಸಿ 6 ಅಡಿ ಇರಲಿ ಎಂದಿದ್ದ. ಕೊನೆಗೆ ಐದೂವರೆ ಅಡಿಗೆ ಒಪ್ಪಿಗೆಯಾಯಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ಪ್ರಯಾಣಿಕ ರೈಲು ಓಡಿದ್ದು ಇದೇ ಗೇಜಿನ ಮೇಲೆ. 1870ರ ದಶಕದಲ್ಲಿ ಖರ್ಚು ಉಳಿಸಲೆಂದು ಮೀಟರ್‌ಗೇಜ್ ಬಂತು. ಬೆಂಗಳೂರಿನಿಂದ ಹೊರಟು 1882ರಲ್ಲಿ ಮೈಸೂರು ತಲುಪಿದ ಹಳಿ ಈ ಬಗೆಯದು. ಆ ಮೀಟರ್‌ಗೇಜ್ ಬೋಗಿಗಳೂ ಸುಮಾರು 2.7 ಮೀಟರ್ ಅಗಲ ಇದ್ದವು, ಅಂದರೆ ಹಳಿಯ ಅಂತರದ ಎರಡೂವರೆ ಪಟ್ಟಿಗಿಂತ ಹೆಚ್ಚು. ಬ್ರಾಡ್‌ಗೇಜಿನಲ್ಲಿ ನಮ್ಮ ಎಕ್ಸ್‌ಪ್ರೆಸ್ ಬೋಗಿ ಹಳಿಯ ಅಂತರದ ಎರಡು ಪಟ್ಟೂ ಇಲ್ಲ. ಗೇಜಿಗೂ ಬೋಗಿಯ ಅಗಲಕ್ಕೂ ನೇರ ನಂಟಿಲ್ಲ ಎನ್ನಲು ಇಷ್ಟು ಸಾಕು.

ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಉದ್ದಕ್ಕೂ ಒಂದು ಸಾಲು ಕಲ್ಲು ಅಥವಾ ಕಾಂಕ್ರೀಟು ಚಪ್ಪಡಿ ಹಾಸಿರುತ್ತಾರೆ. ಕೆಳಗಿನ ಗೋಡೆಗಿಂತ ತುಸು ಮುಂದಕ್ಕೆ ಚಾಚಿಕೊಂಡಿರುವ ಈ ಸಾಲನ್ನು ಅಂಚುಗಲ್ಲು ಎನ್ನೋಣ. ಎರಡು ಹಳಿಗಳ ನಡುಮಧ್ಯದಲ್ಲಿ ಒಂದು ಗೆರೆ ಎಳೆದಿದೆ ಎಂದುಕೊಳ್ಳಿ. ಆ ಗೆರೆಯಿಂದ ಅಂಚುಗಲ್ಲಿನ ಮುಖಕ್ಕೆ ಕನಿಷ್ಠ 1670 ಮಿ.ಮೀ., ಗರಿಷ್ಠ 1680 ಮಿ.ಮೀ. ಇರಬೇಕು ಎಂದು ಭಾರತೀಯ ರೈಲ್ವೆಯ ಅಳತೆಗಳ ಪಟ್ಟಿ ಹೇಳುತ್ತದೆ. ಕಲ್ಲು, ಗಾರೆ, ಜಲ್ಲಿಗಳಲ್ಲಿ ಮಾಡುವ ಕೆಲಸಕ್ಕೆ ಕೊಟ್ಟಿರುವ ಸಡಿಲಿಕೆ ಬರೀ 10 ಮಿ.ಮೀ. 1670ಕ್ಕಿಂತ ಕಡಿಮೆಯಾದರೆ ರೈಲಿಗೆ ತಾಗುವ ಭಯ. 1680 ದಾಟಿದರೆ ಮನುಷ್ಯರು ಬೀಳುವ ಸಂದು ದೊಡ್ಡದಾಗುತ್ತದೆ.

ಹಳಿಯ ಮಧ್ಯದಲ್ಲಿ ಗೆರೆ ಇರುವುದಿಲ್ಲವಲ್ಲ, ಅಳೆಯುವುದು ಹೇಗೆ? ಹಳಿ ಕೆಲಸದವರು ಹತ್ತಿರದ ಹಳಿಯ ಒಳಮೈಯಿಂದ ಅಳತೆ ಹಿಡಿಯುತ್ತಾರೆ. 1676ರ ಅರ್ಧ 838. ಆದ್ದರಿಂದ ಹತ್ತಿರದ ಹಳಿಯ ಒಳಮೈಯಿಂದ ಅಂಚುಗಲ್ಲಿಗೆ 832ರಿಂದ 842 ಮಿ.ಮೀ. ಬರಬೇಕು. ಎರಡೂ ಹಳಿಗಳ ಮೇಲೆ ಅಡ್ಡಲಾಗಿ ಒಂದು ಪಟ್ಟಿ ಇಟ್ಟು, ಅದು ಸಮಮಟ್ಟದಲ್ಲಿದೆಯೇ ನೋಡಿ, ಪ್ಲಾಟ್‌ಫಾರ್ಮಿನ ಕಡೆಗೆ ಚಾಚಿದ ತುದಿಯಿಂದ ಅಡ್ಡಳತೆಯನ್ನೂ ಎತ್ತರವನ್ನೂ ಓದಿಕೊಳ್ಳುತ್ತಾರೆ. ಹತ್ತೋ ಇಪ್ಪತ್ತೋ ಹೆಜ್ಜೆಗೊಮ್ಮೆ ನಿಂತು, ಬಗ್ಗಿ, ಪಟ್ಟಿ ಇಟ್ಟು, ಒಬ್ಬರು ಕೂಗಿ ಹೇಳಿದ ಅಂಕಿಯನ್ನು ಇನ್ನೊಬ್ಬರು ಬರೆದುಕೊಳ್ಳುವ ಕೆಲಸ ಇದು. ಎತ್ತರ ಹಳಿಯ ತಲೆಯಿಂದ 760ರಿಂದ 840 ಮಿ.ಮೀ. ಒಳಗಿರಬೇಕು. ಎತ್ತರದ ಪ್ಲಾಟ್‌ಫಾರ್ಮುಗಳ ನಿಯಮ ಇದು. ಸಣ್ಣ ನಿಲ್ದಾಣಗಳ ತಗ್ಗು ಪ್ಲಾಟ್‌ಫಾರ್ಮಿಗೆ 455 ಮಿ.ಮೀ. ಮಿತಿ.

ಈಗ ಸಂದಿನ ಲೆಕ್ಕ ಹಾಕೋಣ. ಬೋಗಿಯ ಅಗಲ 3240, ಅದರ ಅರ್ಧ 1620. ಅಂಚುಗಲ್ಲು 1680ರಲ್ಲಿದ್ದರೆ ಮೇಲಿನಿಂದ ನೋಡಿದಾಗ ಬೋಗಿಯ ಪಕ್ಕೆಗೂ ಅಂಚಿಗೂ ನಡುವೆ ಉಳಿಯುವುದು 60 ಮಿ.ಮೀ., ಮೂರು ನಾಲ್ಕು ಬೆರಳಗಲ. ಇಷ್ಟು ಕಿರಿದಾದ ಸಂದಿನಲ್ಲಿ ಮನುಷ್ಯ ಹೇಗೆ ಬೀಳುತ್ತಾನೆ ಎಂದು ಯಾರಾದರೂ ಕೇಳಬಹುದು. ಉತ್ತರ ಎತ್ತರದಲ್ಲಿದೆ. ಬೋಗಿಯ ನೆಲ ಹಳಿಯಿಂದ ಸುಮಾರು 1.3 ಮೀಟರ್ ಮೇಲಿದೆ. ಪ್ಲಾಟ್‌ಫಾರ್ಮು ಹೆಚ್ಚೆಂದರೆ 84 ಸೆಂ.ಮೀ. ಮಧ್ಯೆ ಸುಮಾರು ಅರ್ಧ ಮೀಟರ್ ವ್ಯತ್ಯಾಸ. ಬೋಗಿಯ ಗೋಡೆ ನೆಲಮಟ್ಟದ ಹತ್ತಿರ ಮುಗಿಯುತ್ತದೆ. ಅದರ ಕೆಳಗೆ, ಪ್ಲಾಟ್‌ಫಾರ್ಮಿನ ಮಟ್ಟದಲ್ಲಿ, ಗೋಡೆಯೇ ಇಲ್ಲ. ಬಾಗಿಲಿನ ಕೆಳಗೆ ಒಳಗೆ ಸರಿದ ಮೆಟ್ಟಿಲು, ಉಳಿದ ಕಡೆ ಗಾಲಿ, ಪೈಪು, ಬ್ಯಾಟರಿ ಪೆಟ್ಟಿಗೆ, ಖಾಲಿ ಜಾಗ. ಮೇಲಿನಿಂದ 6 ಸೆಂ.ಮೀ. ಕಾಣುವ ಸಂದು ಪಕ್ಕದಿಂದ ನೋಡಿದರೆ ಓರೆಯಾದ ದೊಡ್ಡ ಬಾಯಿ. ಜಾರಿದ ಕಾಲು ಕೆಳಮುಖವಾಗಿ ಒಳಕ್ಕೆ ಹೋಗುತ್ತದೆ, ಅದರ ಹಿಂದೆ ಮೈ ಹೋಗುತ್ತದೆ.

ಹಾಗಿದ್ದರೆ ಪ್ಲಾಟ್‌ಫಾರ್ಮನ್ನೇ ಬೋಗಿಯ ನೆಲದ ಮಟ್ಟಕ್ಕೆ ಎತ್ತರಿಸಿಬಿಡಬಾರದೇ? ಮೆಟ್ರೊದಲ್ಲಿ ಹಾಗೇ ಇದೆಯಲ್ಲ, ಗಾಲಿಕುರ್ಚಿಯಲ್ಲಿ ಬಂದವರೂ ನೇರ ಒಳಗೆ ಹೋಗುತ್ತಾರಲ್ಲ? ನಾನು ಕಂಡಂತೆ ಪ್ರಯಾಣಿಕರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆಯೂ ಹೌದು. ಬೆಂಗಳೂರಿನ ನಮ್ಮ ಮೆಟ್ರೊ 1435 ಮಿ.ಮೀ. ಗೇಜಿನದು, ಬೋಗಿಯ ಅಗಲ 2.88 ಮೀಟರ್. ಆ ಹಳಿಯ ಮೇಲೆ ಬರುವ ಪ್ರಯಾಣಿಕ ರೈಲುಗಳೆಲ್ಲ ಒಂದೇ ಅಗಲ, ಒಂದೇ ಎತ್ತರ. ಎಲ್ಲವೂ ಪ್ರತಿ ನಿಲ್ದಾಣದಲ್ಲಿ ನಿಲ್ಲುತ್ತವೆ. ಆದ್ದರಿಂದ ನೆಲಮಟ್ಟಕ್ಕೆ ಸರಿಯಾಗಿ ಪ್ಲಾಟ್‌ಫಾರ್ಮು ಕಟ್ಟಬಹುದು. ಭಾರತೀಯ ರೈಲ್ವೆಯ ಹಳಿ ಎಲ್ಲರದು. ಅದೇ ಪ್ಲಾಟ್‌ಫಾರ್ಮಿನ ಪಕ್ಕ ರಾಜಧಾನಿ ಹಾದುಹೋಗುತ್ತದೆ, ಅದಿರು ತುಂಬಿದ ಗೂಡ್ಸ್ ಹೋಗುತ್ತದೆ, ಟ್ಯಾಂಕರ್ ಹೋಗುತ್ತದೆ, ಹಳಿ ರಿಪೇರಿಯ ಯಂತ್ರ ಹೋಗುತ್ತದೆ. ನಿಲ್ಲದೆ 110 ಕಿ.ಮೀ. ವೇಗದಲ್ಲಿ ಹೋಗುವುದೂ ಉಂಟು.

ಓಡುವ ರೈಲು ನೆಟ್ಟಗೆ ಓಡುವುದಿಲ್ಲ. ಗಾಲಿಯ ಅಂಚುಪಟ್ಟಿ ಹಳಿಗೆ ಒತ್ತಿ ಕೂರದಂತೆ ಎರಡೂ ಕಡೆ ಸೇರಿ ಸುಮಾರು 19 ಮಿ.ಮೀ. ಆಟ ಬಿಟ್ಟಿರುತ್ತಾರೆ. ಗಾಲಿ ಸವೆದಂತೆ ಈ ಆಟ ಹೆಚ್ಚುತ್ತದೆ. ಅದರ ಮೇಲೆ ಗಾಲಿ ಚೌಕಟ್ಟಿಗೂ ಬೋಗಿಗೂ ಮಧ್ಯೆ ಅಡ್ಡಡ್ಡ ಆಟ, ಸ್ಪ್ರಿಂಗುಗಳ ಕುಲುಕಾಟ. ಒಂದು ಬದಿಯ ಸ್ಪ್ರಿಂಗು ಮುರಿದಿದ್ದರೆ, ಅಥವಾ ಜನ ಒಂದೇ ಬದಿಗೆ ತುಂಬಿದ್ದರೆ ಬೋಗಿ ವಾಲುತ್ತದೆ. ವಾಲಿಕೆ ಮೇಲೆ ಹೋದಷ್ಟೂ ಹೆಚ್ಚು. ಹಳಿಯ ಹತ್ತಿರ ಒಂದು ಬೆರಳು ಅಲುಗಿದರೆ ಬೋಗಿಯ ಎತ್ತರದಲ್ಲಿ ಅದು ಮೂರು ನಾಲ್ಕು ಬೆರಳಾಗಬಹುದು. ಮೈ ಅಗಲವಾಗಿರುವ ಮಟ್ಟಕ್ಕೆ ಕಲ್ಲಿನ ಅಂಚನ್ನು ಏರಿಸಿ, ಪಕ್ಕದಲ್ಲಿ ಬರೀ 60 ಮಿ.ಮೀ. ಬಿಟ್ಟರೆ, ವೇಗವಾಗಿ ಹಾಯುವ ರೈಲು ಒಂದಲ್ಲ ಒಂದು ದಿನ ಅಂಚಿಗೆ ಉಜ್ಜುತ್ತದೆ. 840 ಎಂಬ ಮಿತಿ ಅಂಚುಗಲ್ಲನ್ನು ಬೋಗಿಯ ಅಗಲವಾದ ಮೈಗಿಂತ ಕೆಳಗೆ ಹಿಡಿದಿಡುತ್ತದೆ. ಎತ್ತರದ ಮಿತಿಯೂ ಒಳಗೊಳಗೆ ಅಗಲದ ಮಿತಿಯೇ.

ಇದು ಎಷ್ಟು ನಿಜ ಎನ್ನುವುದಕ್ಕೆ ಮೆಮು ರೈಲು ನೋಡಿ. ಬೆಂಗಳೂರಿನಿಂದ ಸುತ್ತಲಿನ ಊರುಗಳಿಗೆ ಓಡುವ ಮೆಮು, ಮುಂಬೈಯ ಲೋಕಲ್ ರೈಲು, ಇವುಗಳ ಮೈ 3.66 ಮೀಟರ್ ಅಗಲ, ಹನ್ನೆರಡು ಅಡಿ. ಅರ್ಧ ಎಂದರೆ 1830 ಮಿ.ಮೀ. ಅಂಚುಗಲ್ಲು ಇರುವುದೇ 1670-1680ರಲ್ಲಿ! ಅಂದರೆ ಈ ರೈಲಿನ ಮೈ ಪ್ಲಾಟ್‌ಫಾರ್ಮಿನ ಅಂಚನ್ನು ದಾಟಿ 15 ಸೆಂ.ಮೀ. ಒಳಗೆ ಬಂದಿರುತ್ತದೆ. ಪ್ಲಾಟ್‌ಫಾರ್ಮು ತಗ್ಗಿನಲ್ಲಿದೆ, ಬೋಗಿಯ ಮೈ ಮೇಲಿದೆ, ಆದ್ದರಿಂದ ತಾಗದೆ ಮೇಲಿನಿಂದ ಹಾದುಹೋಗುತ್ತದೆ. ಅಂಚಿನ ಮೇಲೇ ಕಾಲಿಟ್ಟು ನಿಂತವರ ಮೊಣಕಾಲಿಗೋ ತೊಡೆಗೋ ಇದು ಬಡಿಯುತ್ತದೆ. ಎಕ್ಸ್‌ಪ್ರೆಸ್ ಬಂದಾಗ ಅಂಚಿನಲ್ಲಿ ನಿಂತು ಪಾರಾಗಿ ಅಭ್ಯಾಸವಾದವರು ಮೆಮು ಬರುವಾಗಲೂ ಅಲ್ಲೇ ನಿಲ್ಲುತ್ತಾರೆ. ಹಾಗೆ ನಿಲ್ಲಬೇಡಿ ಎಂದು ಕೈಮುಗಿದು ಹೇಳಬೇಕೆನಿಸುತ್ತದೆ. ಎರಡೂ ರೈಲುಗಳ ಪಕ್ಕೆ ಒಂದೇ ಗೆರೆಯಲ್ಲಿ ಬರುವುದಿಲ್ಲ.

ಮುಂಬೈಯಲ್ಲಿ 2014ರ ಜನವರಿಯಲ್ಲಿ ಘಾಟ್ಕೋಪರ್ ನಿಲ್ದಾಣದಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಲೋಕಲ್ ಹತ್ತುವಾಗ ಈ ಸಂದಿಗೆ ಬಿದ್ದು ಎರಡೂ ಕೈ ಕಳೆದುಕೊಂಡಳು. ಬಾಂಬೆ ಹೈಕೋರ್ಟ್ ವಿಷಯವನ್ನು ಕೈಗೆತ್ತಿಕೊಂಡಿತು. ಅಲ್ಲಿನ ಉಪನಗರ ಮಾರ್ಗಗಳಲ್ಲಿ ಪ್ಲಾಟ್‌ಫಾರ್ಮುಗಳನ್ನು 900-920 ಮಿ.ಮೀ.ವರೆಗೆ ಎತ್ತರಿಸುವ ಕೆಲಸ ಚುರುಕಾಯಿತು. 840 ಇದ್ದದ್ದು 920 ಆದರೆ ಹೆಚ್ಚಿದ್ದು ಬರೀ 8 ಸೆಂ.ಮೀ. ಎಂದು ತೋರಬಹುದು. ಆದರೆ ಮೈ ಅಂಚಿನ ಮೇಲೆ ಚಾಚುವ ರೈಲಿನಲ್ಲಿ ಪ್ಲಾಟ್‌ಫಾರ್ಮು ಎತ್ತರಿಸಿದಷ್ಟೂ ಮೈಯ ಅಡಿಭಾಗಕ್ಕೂ ಕಲ್ಲಿಗೂ ನಡುವಿನ ಬಾಯಿ ಮುಚ್ಚುತ್ತಾ ಬರುತ್ತದೆ. ಆ 8 ಸೆಂ.ಮೀ. ಬಿದ್ದವರ ದೇಹ ಒಳಗೆ ತೂರದಂತೆ ತಡೆಯುವ 8 ಸೆಂ.ಮೀ. ಅದನ್ನೂ ಮೀರಿ ಎತ್ತರಿಸಲು ಹೋದರೆ ಜನ ತುಂಬಿ ಸ್ಪ್ರಿಂಗು ಕುಗ್ಗಿದ ಬೋಗಿ ಕಲ್ಲಿನ ಮೇಲೆ ಕೂರುವ ಅಪಾಯವಿದೆ.

ಇಷ್ಟೆಲ್ಲ ನೇರ ಹಳಿಯ ಮಾತಾಯಿತು. ಹಳಿ ತಿರುವಿನಲ್ಲಿದ್ದರೆ ಲೆಕ್ಕ ಬೇರೆಯೇ. ಬೋಗಿ ಬಾಗುವುದಿಲ್ಲ, ಹಳಿ ಬಾಗಿರುತ್ತದೆ. 23.5 ಮೀಟರ್ ಉದ್ದದ ನೇರ ಪೆಟ್ಟಿಗೆ ಎರಡು ಗಾಲಿ ಚೌಕಟ್ಟುಗಳ ಮೇಲೆ ಕುಳಿತಿದೆ. ಆ ಚೌಕಟ್ಟುಗಳ ನಡುವಿನ ದೂರ 14.9 ಮೀಟರ್. ಚೌಕಟ್ಟುಗಳಿರುವ ಎರಡು ಜಾಗದಲ್ಲಿ ಮಾತ್ರ ಬೋಗಿ ಹಳಿಯ ಮಧ್ಯದಲ್ಲಿರುತ್ತದೆ. ಅವೆರಡರ ನಡುವಿನ ಭಾಗ ತಿರುವಿನ ಒಳಬದಿಗೆ ಸರಿಯುತ್ತದೆ, ಎರಡು ತುದಿಗಳು ಹೊರಬದಿಗೆ ಚಾಚುತ್ತವೆ.

ಎಷ್ಟು ಸರಿಯುತ್ತದೆ? 875 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಳ್ಳೋಣ. ರೈಲ್ವೆಯವರು ಇದನ್ನು 2 ಡಿಗ್ರಿ ತಿರುವು ಎನ್ನುತ್ತಾರೆ. ಕಣ್ಣಿಗೆ ತೀರಾ ಸೌಮ್ಯವಾಗಿಯೇ ಕಾಣುತ್ತದೆ. ಚೌಕಟ್ಟುಗಳ ನಡುವಿನ ದೂರದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದರೆ ನಡುಭಾಗ ಒಳಸರಿಯುವ ಅಳತೆ ಸಿಗುತ್ತದೆ. 14.9ರ ವರ್ಗ 222, ಅದನ್ನು 7000ದಿಂದ ಭಾಗಿಸಿದರೆ 0.032 ಮೀಟರ್, 32 ಮಿ.ಮೀ. ತುದಿಗಳಿಗೆ ಬೋಗಿಯ ಉದ್ದದ ವರ್ಗದಿಂದ ಈ 222ನ್ನು ಕಳೆದು ಹಾಗೆಯೇ ಭಾಗಿಸಬೇಕು. ಸುಮಾರು 47 ಮಿ.ಮೀ. ಬರುತ್ತದೆ.

ಈಗ ಪ್ಲಾಟ್‌ಫಾರ್ಮು ತಿರುವಿನ ಒಳಬದಿಗಿದೆ ಎಂದುಕೊಳ್ಳಿ. ಬೋಗಿಯ ನಡುಹೊಟ್ಟೆ 32 ಮಿ.ಮೀ. ಪ್ಲಾಟ್‌ಫಾರ್ಮಿನ ಕಡೆ ಬಂದಿದೆ. ಅದು ತಾಗದಿರಲು ಅಂಚುಗಲ್ಲನ್ನು ಉದ್ದಕ್ಕೂ 32 ಮಿ.ಮೀ. ಹಿಂದೆ ಸರಿಸಬೇಕು. ಆದರೆ ಬೋಗಿಯ ತುದಿಗಳು ಅದೇ ಹೊತ್ತಿಗೆ 47 ಮಿ.ಮೀ. ದೂರ ಹೋಗಿವೆ. ಆದ್ದರಿಂದ ತುದಿಯಲ್ಲಿ ಸಂದು 60ಕ್ಕೆ 32 ಸೇರಿ, ಮತ್ತೆ 47 ಸೇರಿ, 139 ಮಿ.ಮೀ. ನೇರ ಹಳಿಯಲ್ಲಿ ಇದ್ದದ್ದರ ಎರಡು ಪಟ್ಟು ಮೀರಿತು. ನಮ್ಮ ಎಕ್ಸ್‌ಪ್ರೆಸ್ ಬೋಗಿಗಳ ಬಾಗಿಲುಗಳು ಎಲ್ಲಿವೆ? ತುದಿಗಳಲ್ಲೇ! ಜನ ಹತ್ತಿಳಿಯುವ ಜಾಗದಲ್ಲೇ ಸಂದು ಎಲ್ಲಕ್ಕಿಂತ ದೊಡ್ಡದು. ಪ್ಲಾಟ್‌ಫಾರ್ಮು ತಿರುವಿನ ಹೊರಬದಿಗಿದ್ದರೆ ತುದಿಗಳು ಪ್ಲಾಟ್‌ಫಾರ್ಮಿನ ಕಡೆಗೇ ಚಾಚುವುದರಿಂದ ಬಾಗಿಲ ಬಳಿ ಸಂದು ಹೆಚ್ಚುವುದಿಲ್ಲ, ದೊಡ್ಡ ಸಂದು ಬೋಗಿಯ ನಡುವೆ ಬರುತ್ತದೆ. ಅಲ್ಲಿ ಯಾರೂ ಹತ್ತುವುದಿಲ್ಲ. ಹಾಗಾಗಿ ನಿಲ್ದಾಣದಲ್ಲಿ ನಿಂತಾಗ ಹಳಿ ನಿಮ್ಮ ಕಡೆಗೆ ಬಾಗಿದೆಯೋ ನಿಮ್ಮಿಂದ ಆಚೆಗೆ ಬಾಗಿದೆಯೋ ಒಮ್ಮೆ ನೋಡಿಕೊಳ್ಳಿ. ರೈಲಿನ ಎಂಜಿನ್ನೂ ಕೊನೆಯ ಬೋಗಿಯೂ ನಿಮ್ಮ ಬದಿಗೆ ಬಾಗಿ ಬಂದಂತೆ ಕಂಡರೆ ನೀವು ಒಳಬದಿಯಲ್ಲಿದ್ದೀರಿ, ಕಾಲು ದೊಡ್ಡದಾಗಿ ಎತ್ತಿಡಬೇಕು.

ತಿರುವಿನಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಎತ್ತರಿಸುವ ರೂಢಿಯಿದೆ. ಅದರಿಂದ ಬೋಗಿ ಒಳಗೆ ವಾಲುತ್ತದೆ. 40 ಮಿ.ಮೀ. ಎತ್ತರಿಸಿದರೆ ಬೋಗಿಯ ನೆಲದ ಮಟ್ಟದಲ್ಲಿ ಸುಮಾರು 30 ಮಿ.ಮೀ. ವಾಲಿಕೆ. ಅದಕ್ಕೂ ಜಾಗ ಬಿಡಬೇಕಾಗುತ್ತದೆ. ಹೊಸ ನಿಲ್ದಾಣ ಯೋಜಿಸುವಾಗ ಸಾಧ್ಯವಾದಷ್ಟು ನೇರ, ಸಮತಟ್ಟು ಜಾಗ ಹುಡುಕುವುದು ಇದೇ ಕಾರಣಕ್ಕೆ. ಇಳಿಜಾರಿಗೂ ಮಿತಿಯಿದೆ. ನಿಲ್ದಾಣದ ಯಾರ್ಡಿನಲ್ಲಿ 400 ಮೀಟರಿಗೆ 1 ಮೀಟರ್‌ಗಿಂತ ಹೆಚ್ಚು ಇಳಿಜಾರು ಕೂಡದು, 1200 ಮೀಟರಿಗೆ ಒಂದಿದ್ದರೆ ಒಳ್ಳೆಯದು ಎನ್ನುತ್ತದೆ ನಿಯಮ.

ಪ್ಲಾಟ್‌ಫಾರ್ಮು ಕಟ್ಟಿದ ದಿನ ಅಳತೆ ಸರಿಯಿದ್ದರೆ ಮುಗಿಯಲಿಲ್ಲ. ಕಲ್ಲು ಕದಲದು, ಹಳಿ ಕದಲುತ್ತದೆ. ಅದು ಜಲ್ಲಿಯ ಮೇಲೆ ತೇಲುತ್ತಿರುವ ವ್ಯವಸ್ಥೆ. ರೈಲುಗಳ ಭಾರಕ್ಕೆ ಜಲ್ಲಿ ಪುಡಿಯಾಗುತ್ತದೆ, ಹಳಿ ಕುಸಿಯುತ್ತದೆ. ಟ್ಯಾಂಪಿಂಗ್ ಯಂತ್ರ ಬಂದು ಹಳಿಯನ್ನು ಎತ್ತಿ, ಸ್ಲೀಪರಿನಡಿಗೆ ಜಲ್ಲಿ ತುರುಕಿ, ಸಾಲು ಸರಿಪಡಿಸಲು ಅಡ್ಡಕ್ಕೂ ತುಸು ಸರಿಸುತ್ತದೆ. ಪ್ರತಿ ಸಲ ಹಳಿ ಸ್ವಲ್ಪ ಮೇಲೇರುತ್ತದೆ. ಹಳಿ ಮೇಲೇರಿದರೆ ಅಷ್ಟೇ ಪ್ರಮಾಣದಲ್ಲಿ ಪ್ಲಾಟ್‌ಫಾರ್ಮು ತಗ್ಗಿದಂತೆ. ಕೆಲವು ಹಳೆಯ ನಿಲ್ದಾಣಗಳಲ್ಲಿ ಬೋಗಿ ಹತ್ತಲು ವಯಸ್ಸಾದವರು ಪರದಾಡುವುದನ್ನು ನೀವು ನೋಡಿರಬಹುದು. ಅಲ್ಲಿ ಪ್ಲಾಟ್‌ಫಾರ್ಮನ್ನು ತಗ್ಗಾಗಿ ಕಟ್ಟಿರಬೇಕೆಂದೇನಿಲ್ಲ, ಹಳಿ ವರ್ಷ ವರ್ಷಕ್ಕೆ ಮೇಲೆದ್ದಿರಲೂಬಹುದು. ಅಡ್ಡಕ್ಕೆ ಸರಿದದ್ದು ಇದಕ್ಕಿಂತ ಅಪಾಯ. 10 ಮಿ.ಮೀ. ಸಡಿಲಿಕೆಯನ್ನು ಯಂತ್ರ ಒಂದೇ ಸಲ ತಿಂದುಹಾಕಬಲ್ಲದು. ಅದಕ್ಕೇ ಪ್ಲಾಟ್‌ಫಾರ್ಮ್ ಪಕ್ಕದ ಹಳಿಯಲ್ಲಿ ಕೆಲಸವಾದ ಮೇಲೆ ಮತ್ತೆ ಪಟ್ಟಿ ಹಿಡಿದು ಅಳೆಯಬೇಕು.

ತಪ್ಪಾಗಿದ್ದರೆ ಕಲ್ಲೇ ಹೇಳುತ್ತದೆ. ಅಂಚುಗಲ್ಲಿನ ಮುಖದ ಮೇಲೆ ಉದ್ದಕ್ಕೆ ಗೀಚಿದ ಹೊಸ ಬಿಳಿ ಗೆರೆ, ಬೋಗಿಯ ಬಣ್ಣ ಅಂಟಿದ ಕಲೆ, ಅಂಚು ಚಕ್ಕೆ ಎದ್ದಿರುವುದು, ಮೆಟ್ಟಿಲ ತುದಿ ಮಡಚಿರುವುದು, ಇವೆಲ್ಲ ಯಾವುದೋ ರೈಲು ತಾಗಿ ಹೋಗಿದೆ ಎಂಬುದರ ಗುರುತು. ಅಂಥದ್ದು ಕಂಡರೆ ಸ್ಟೇಷನ್ ಮಾಸ್ಟರಿಗೆ ಒಂದು ಮಾತು ತಿಳಿಸುವುದು ಪ್ರಯಾಣಿಕರಿಂದಲೂ ಆಗುವ ಕೆಲಸ.

ಪ್ಲಾಟ್‌ಫಾರ್ಮಿನ ಮೇಲಿನ ವಸ್ತುಗಳಿಗೂ ಗೆರೆ ಇದೆ. ದೀಪದ ಕಂಬ, ಚಾವಣಿಯ ಕಂಬಗಳು ಹಳಿಯ ಮಧ್ಯದಿಂದ 4720 ಮಿ.ಮೀ. ದೂರ ಇರಬೇಕು, ಅಂದರೆ ಅಂಚಿನಿಂದ ಸುಮಾರು 3 ಮೀಟರ್. ಕಟ್ಟಡಕ್ಕೆ ಇನ್ನೂ ಹೆಚ್ಚು, 5330. ಬಾಗಿಲಲ್ಲಿ ತಲೆ ಹೊರಹಾಕಿದವರಿಗೆ ಕಂಬ ಬಡಿಯದಿರಲಿ, ರೈಲು ನಿಂತಾಗ ಕಂಬಕ್ಕೂ ಬೋಗಿಗೂ ಮಧ್ಯೆ ಜನ ಸಿಕ್ಕಿಕೊಳ್ಳದಿರಲಿ ಎಂಬ ಎರಡೂ ಉದ್ದೇಶ ಇದರಿಂದ ಈಡೇರುತ್ತವೆ.

ಇನ್ನು ಉದ್ದ. ಚೆನ್ನೈನ ಐಸಿಎಫ್ ಮಾದರಿಯ ಹಳೆಯ ನೀಲಿ ಬೋಗಿ ಎರಡೂ ತುದಿಯ ಬಫರು ಸೇರಿ 22.3 ಮೀಟರ್. 24 ಬೋಗಿ ಸೇರಿದರೆ 535 ಮೀಟರ್. ಆ ಲೆಕ್ಕಕ್ಕೆ ಪ್ಲಾಟ್‌ಫಾರ್ಮುಗಳು ಬೆಳೆದವು. ಬಳಿಕ ಎಲ್‌ಎಚ್‌ಬಿ ಬೋಗಿ ಬಂತು. ಡಿಕ್ಕಿಯಾದರೂ ಒಂದರ ಮೇಲೊಂದು ಹತ್ತಲು ಬಿಡದ ಒಳ್ಳೆಯ ಬೋಗಿ, ಆದರೆ ಉದ್ದ 24 ಮೀಟರ್. ಐಸಿಎಫ್ ಮಾದರಿಯ ಕೊನೆಯ ಬೋಗಿ 2018ರ ಜನವರಿಯಲ್ಲಿ ಕಾರ್ಖಾನೆಯಿಂದ ಹೊರಬಿತ್ತು. ಎಲ್‌ಎಚ್‌ಬಿಯ 24 ಬೋಗಿಗೆ 576 ಮೀಟರ್ ಬೇಕು. 41 ಮೀಟರ್ ಹೆಚ್ಚಾಯಿತು. ಹಳೆಯ ಪ್ಲಾಟ್‌ಫಾರ್ಮಿನಲ್ಲಿ 22 ಎಲ್‌ಎಚ್‌ಬಿ ಬೋಗಿ ಹಿಡಿಯುತ್ತದೆ, 528 ಮೀಟರ್. ಇಪ್ಪತ್ತಮೂರು, ಇಪ್ಪತ್ತನಾಲ್ಕನೆಯ ಬೋಗಿ ಆಚೆ ಉಳಿಯುತ್ತವೆ.

ಆಚೆ ಉಳಿದ ಬೋಗಿಯ ಬಾಗಿಲು ತೆರೆದರೆ ಕೆಳಗೆ ಪ್ಲಾಟ್‌ಫಾರ್ಮಿಲ್ಲ. ಕೊನೆಯ ಮೆಟ್ಟಿಲ ಕೆಳಗೆ ಜಲ್ಲಿ, ಇಳಿಜಾರು, ರಾತ್ರಿಯಾದರೆ ಕತ್ತಲು. ಅಂಚಿನ ಸಂದಿಗಿಂತ ದೊಡ್ಡ ಗುಂಡಿ ಇದು. 40 ಮೀಟರ್ ಉದ್ದ ಮಾಡಿಬಿಟ್ಟರೆ ಆಯಿತಲ್ಲ ಎನ್ನಬಹುದು. ಆದರೆ ಪ್ಲಾಟ್‌ಫಾರ್ಮಿನ ತುದಿಯಾಚೆ ಹಳಿಗಳು ಕವಲೊಡೆಯುವ ಪಾಯಿಂಟುಗಳಿರುತ್ತವೆ, ಹೊರಡುವ ಸಿಗ್ನಲ್ಲು ಇರುತ್ತದೆ, ಕೆಲವೊಮ್ಮೆ ಲೆವೆಲ್ ಕ್ರಾಸಿಂಗೋ ಸೇತುವೆಯೋ ಇರುತ್ತದೆ. ಅವನ್ನೆಲ್ಲ ಸರಿಸಿ, ಸಿಗ್ನಲ್ ವ್ಯವಸ್ಥೆ ಮತ್ತೆ ಜೋಡಿಸಿ, ಪರೀಕ್ಷಿಸದೆ ಒಂದು ಬೋಗಿಯಷ್ಟು ಉದ್ದವೂ ಸೇರಿಸಲಾಗದು. ಸೇರಿಸಿದ ಭಾಗ ಎಷ್ಟೋ ಕಡೆ ತಿರುವಿನೊಳಗೆ ಹೋಗುತ್ತದೆ. ನಡುವಿನಲ್ಲಿ ಚೆನ್ನಾಗಿ ಹೊಂದುವ ಸಂದು ತುದಿಗೆ ಹೋದಂತೆ ಅಗಲವಾಗುವುದು ಇದರಿಂದಲೇ. ಜನರಲ್ ಬೋಗಿಗಳು ಸಾಮಾನ್ಯವಾಗಿ ತುದಿಗಳಲ್ಲೇ ಇರುತ್ತವೆ, ನೂಕುನುಗ್ಗಲೂ ಅಲ್ಲೇ. ಕೆಟ್ಟ ಸಂದಿನ ಪಾಲು ಬಡ ಪ್ರಯಾಣಿಕರ ಕಾಲಡಿಗೆ ಬರುವುದು ನನಗೆ ಬಹಳ ನೋವಿನ ಸಂಗತಿ.

ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮು ಇರುವುದು ನಮ್ಮ ಹುಬ್ಬಳ್ಳಿಯಲ್ಲಿ. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಈ ಪ್ಲಾಟ್‌ಫಾರ್ಮು 1507 ಮೀಟರ್ ಉದ್ದ. 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದಕ್ಕೂ ಮೊದಲು 1366 ಮೀಟರಿನ ಗೋರಖ್‌ಪುರದ್ದು ಮೊದಲಿತ್ತು. ಒಂದೂವರೆ ಕಿಲೋಮೀಟರ್ ಉದ್ದದ ರೈಲು ಯಾವುದೂ ಅಲ್ಲಿಗೆ ಬರುವುದಿಲ್ಲ. ಎಂಜಿನ್ ಸೇರಿ 600 ಮೀಟರಿನ ಎರಡು ರೈಲನ್ನು ಒಂದರ ಹಿಂದೊಂದು ನಿಲ್ಲಿಸಿದರೂ 1200 ಆಗುತ್ತದೆ, ಉಳಿದದ್ದು ಅವುಗಳ ನಡುವಿನ ಅಂತರಕ್ಕೆ. ಒಂದೇ ಪ್ಲಾಟ್‌ಫಾರ್ಮಿನ ಎರಡು ತುದಿಗಳಿಂದ ಎರಡು ರೈಲು ಎರಡು ದಿಕ್ಕಿಗೆ ಹೊರಡಬಹುದು. ಪ್ರಯಾಣಿಕರಿಗೆ ಇದರ ಅರ್ಥ ಇಷ್ಟೆ: ಪ್ಲಾಟ್‌ಫಾರ್ಮ್ ಸಂಖ್ಯೆ ಗೊತ್ತಿದ್ದರೆ ಸಾಲದು, ಯಾವ ತುದಿ ಎಂದೂ ಗೊತ್ತಿರಬೇಕು. ತಪ್ಪಿದರೆ ಹದಿನೈದು ನಿಮಿಷಕ್ಕೂ ಹೆಚ್ಚು ನಡಿಗೆ. ಕೊನೆಗೆ ಓಟ. ಓಡಿ ಬಂದವರು ಮಾಡುವುದೇ ಹೊರಟ ರೈಲನ್ನು ಹತ್ತುವ ಕೆಲಸ.

ಅಂಚಿನ ಸಂದಿಗೆ ಜನ ಬೀಳುವುದರಲ್ಲಿ ಬಹುಪಾಲು ನಡೆಯುವುದು ಚಲಿಸುವ ರೈಲಿನಲ್ಲೇ. ರೈಲು ಗಂಟೆಗೆ 10 ಕಿ.ಮೀ. ವೇಗದಲ್ಲಿದೆ ಎನ್ನಿ. ನೋಡಲು ನಿಧಾನ, ಆದರೆ ಸೆಕೆಂಡಿಗೆ ಹತ್ತಿರ ಹತ್ತಿರ 3 ಮೀಟರ್. ಹತ್ತುವವರು ಮೊದಲು ಬಾಗಿಲ ಕಂಬಿ ಹಿಡಿಯುತ್ತಾರೆ. ಕಂಬಿ ಮುಂದೆ ಓಡುತ್ತದೆ, ಕಾಲು ಹಿಂದೆ ಉಳಿಯುತ್ತದೆ. ಹಿಡಿದ ಕೈಯೇ ಗೂಟವಾಗಿ ಮೈ ಅದರ ಸುತ್ತ ತಿರುಗುತ್ತದೆ. ತಿರುಗುವ ದಿಕ್ಕು ಬೋಗಿಯ ಕಡೆಗೆ, ಅಂದರೆ ಸಂದಿನ ಕಡೆಗೆ. ಕಂಬಿ ಬಿಟ್ಟಿದ್ದರೆ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದು ಮೊಣಕಾಲು ತರಚಿ ಹೋಗುತ್ತಿತ್ತು. ಬಿಡದೆ ಹಿಡಿದದ್ದರಿಂದಲೇ ಒಳಗೆ ಎಳೆಯಲ್ಪಡುತ್ತಾರೆ. ರೈಲ್ವೆ ರಕ್ಷಣಾ ಪಡೆಯ ಸಿಬ್ಬಂದಿ ಬಂದು ಪಾರುಮಾಡುವ ವಿಡಿಯೊಗಳಲ್ಲಿ ಗಮನಿಸಿ, ಅವರು ಬಿದ್ದವರನ್ನು ಹಿಂದಕ್ಕೆ, ಪ್ಲಾಟ್‌ಫಾರ್ಮಿನ ಕಡೆಗೇ ಎಳೆಯುತ್ತಾರೆ.

ವಂದೇ ಭಾರತ್‌ನಲ್ಲಿ ಬಾಗಿಲು ಮುಚ್ಚದೆ ರೈಲು ಹೊರಡುವುದಿಲ್ಲ, ನಿಂತಾಗ ಬಾಗಿಲಡಿಯಿಂದ ಮೆಟ್ಟಿಲೊಂದು ಹೊರಚಾಚಿ ಸಂದನ್ನು ತುಂಬುತ್ತದೆ. ಹಳಿಯೂ ಅದೇ, ಅಂಚುಗಲ್ಲೂ ಅದೇ, ಚಲಿಸುವಾಗ ಬೇಕಾದ ಜಾಗ ಚಲಿಸುವಾಗ ಉಂಟು, ನಿಂತಾಗ ಬೇಡದ ಸಂದು ನಿಂತಾಗ ಇಲ್ಲ. ಸರಿಯಾದ ದಾರಿ ಇದೇ ಎಂದು ನನ್ನ ಖಚಿತ ಅಭಿಪ್ರಾಯ. ದೇಶದ ಎಲ್ಲ ಪ್ಲಾಟ್‌ಫಾರ್ಮುಗಳನ್ನು ಒಡೆದು ಕಟ್ಟುವುದಕ್ಕಿಂತ ಬೋಗಿಗೆ ಇಂಥ ಮೆಟ್ಟಿಲು, ಇಂಥ ಬಾಗಿಲು ಹಾಕುವುದು ಬೇಗ ಆಗುವ ಕೆಲಸ, ಜನರಲ್ ಬೋಗಿಗಳಿಂದಲೇ ಅದು ಆರಂಭವಾಗಬೇಕು.

ಅಲ್ಲಿಯವರೆಗೆ ಒಂದೆರಡು ಮಾತು. ನಿಮ್ಮ ಬೋಗಿ ಪ್ಲಾಟ್‌ಫಾರ್ಮು ದಾಟಿ ನಿಂತಿದ್ದರೆ ಜಲ್ಲಿಗೆ ಧುಮುಕಬೇಡಿ. ಬೋಗಿಗಳ ನಡುವೆ ಒಳಗಿಂದಲೇ ದಾರಿಯಿದ್ದರೆ ಪಕ್ಕದ ಬೋಗಿಗೆ ನಡೆದು ಅಲ್ಲಿಂದ ಇಳಿಯಿರಿ, ಇಳಿಯುವ ನಿಲ್ದಾಣಕ್ಕೆ ಐದು ನಿಮಿಷ ಮೊದಲೇ ಆ ಕಡೆ ಹೋಗಿರಿ. ಇಳಿಯುವಾಗ ಸಾಮಾನನ್ನು ಮೊದಲು ಯಾರಿಗಾದರೂ ಕೊಟ್ಟು, ಬೋಗಿಯ ಕಡೆ ಮುಖ ಮಾಡಿ, ಎರಡೂ ಕೈಯಲ್ಲಿ ಕಂಬಿ ಹಿಡಿದು ಇಳಿಯಿರಿ. ರೈಲು ಹೊರಟುಬಿಟ್ಟಿದ್ದರೆ, ಕೈ ಕಂಬಿಗೆ ತಾಗುವಷ್ಟು ಹತ್ತಿರವಿದ್ದರೂ, ಅದನ್ನು ಹೋಗಲು ಬಿಡಿ.